ಲಾಭ ಇದೆ, ದುಡ್ಡು ಎಲ್ಲಿ? ಫ್ರೀ ಕ್ಯಾಶ್ ಫ್ಲೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಾಭ ಅಂದರೂ ದುಡ್ಡೇ ಅಲ್ವಾ? ಎರಡನ್ನೂ ಬೇರೆ ಬೇರೆ ಯಾಕೆ ನೋಡಬೇಕು?

ಕಡೆಗೆ ಎರಡೂ ಒಂದೇ ಆಗಬೇಕು, ನಿಜ. ಆದರೆ ಆ "ಕಡೆ" ಯಾವಾಗ ಬರುತ್ತದೆ ಅನ್ನೋದೇ ಇಲ್ಲಿರುವ ತಕರಾರು.

ಕಂಪನಿಯ ಮಾಲು ಗಿರಾಕಿಯ ವಶಕ್ಕೆ ಹೋದ ದಿನವೇ ಮಾರಾಟ ಆಯಿತು ಅಂತ ಲೆಕ್ಕಕ್ಕೆ ಬರೆಯುತ್ತಾರೆ. ಗಿರಾಕಿ ದುಡ್ಡು ಕೊಡುವುದು ನಾಲ್ಕು ತಿಂಗಳು ಬಿಟ್ಟು ಇರಬಹುದು. ಆದರೂ ಲಾಭ ಇವತ್ತಿನದು. ಖರ್ಚಿನ ಕಡೆಯೂ ಹೀಗೇ. ಹತ್ತು ವರ್ಷ ಬಾಳುವ ಯಂತ್ರಕ್ಕೆ 100 ಕೊಟ್ಟರೆ, ಆ ವರ್ಷದ ಖರ್ಚು ಅಂತ ತೋರಿಸುವುದು 10 ಮಾತ್ರ. ಇದಕ್ಕೆ ಸವಕಳಿ ಅನ್ನುತ್ತಾರೆ. ಉಳಿದ 90 ಮುಂದಿನ ವರ್ಷಗಳಿಗೆ ಹಂಚಿಹೋಗುತ್ತದೆ. ದುಡ್ಡು ಮಾತ್ರ ಆಗಲೇ ಕೈಬಿಟ್ಟಿರುತ್ತದೆ.

ಇದು ಮೋಸ ಅಲ್ಲ. ಒಂದು ವರ್ಷದ ದುಡಿಮೆಗೆ ಆ ವರ್ಷದ ಖರ್ಚನ್ನೇ ಜೋಡಿಸಬೇಕು ಅನ್ನೋದು ಒಳ್ಳೆಯ ಉದ್ದೇಶವೇ. ತೊಂದರೆ ಏನು ಅಂದರೆ, ಹಾಗೆ ಜೋಡಿಸುವುದಕ್ಕೆ ಅಂದಾಜು ಬೇಕು. ಯಂತ್ರ ಎಷ್ಟು ವರ್ಷ ಬಾಳುತ್ತದೆ? ಬಾಕಿಯಲ್ಲಿ ಎಷ್ಟು ಮುಳುಗುತ್ತದೆ? ಗೋದಾಮಿನ ಹಳೆ ಮಾಲಿಗೆ ಈಗ ಎಷ್ಟು ಬೆಲೆ? ಈ ಅಂದಾಜು ಮಾಡುವವರು ಯಾರು? ಲಾಭ ನೋಡಿ ಬೋನಸ್ ತೆಗೆದುಕೊಳ್ಳುವ ಅದೇ ಮ್ಯಾನೇಜರ್‌ಗಳು. ಆಡಿಟರ್ ನೋಡುತ್ತಾರೆ, ಆದರೆ ಅಂದಾಜಿಗೆ ಆಡಿಟರ್ ಹಾಕುವುದೂ ಇನ್ನೊಂದು ಅಂದಾಜೇ.

ಫ್ರೀ ಕ್ಯಾಶ್ ಫ್ಲೋ ಲೆಕ್ಕ ಹಾಕುವುದು ಹೇಗೆ?

ವಾರ್ಷಿಕ ವರದಿಯಲ್ಲಿ ಲಾಭ-ನಷ್ಟದ ಪಟ್ಟಿ, ಬ್ಯಾಲೆನ್ಸ್ ಶೀಟ್ ಆದ ಮೇಲೆ ಕ್ಯಾಶ್ ಫ್ಲೋ ಪಟ್ಟಿ ಅಂತ ಒಂದು ಇರುತ್ತದೆ. ಅದಕ್ಕೆ ಮೂರು ಭಾಗ: ವ್ಯಾಪಾರದಿಂದ ಬಂದ ನಗದು, ಹೂಡಿಕೆಗೆ ಹೋದ ನಗದು, ಸಾಲ-ಷೇರು-ಡಿವಿಡೆಂಡಿನ ನಗದು. ಮೊದಲ ಭಾಗದ ಒಟ್ಟು ಮೊತ್ತ ತೆಗೆದುಕೊಳ್ಳಿ. ಎರಡನೇ ಭಾಗದಲ್ಲಿ ಕಟ್ಟಡ, ಯಂತ್ರ, ಸಾಫ್ಟ್‌ವೇರ್‌ಗೆ ಕೊಟ್ಟ ದುಡ್ಡು ಅಂತ ಒಂದು ಸಾಲು ಇರುತ್ತದೆ, ಅದನ್ನು ಕಳೆಯಿರಿ. ಉಳಿದದ್ದೇ ಫ್ರೀ ಕ್ಯಾಶ್ ಫ್ಲೋ.

ಅಂದರೆ ವ್ಯಾಪಾರ ನಡೆಸಿ, ಯಂತ್ರಗಳಿಗೆ ಬೇಕಾದದ್ದು ಕೊಟ್ಟು, ಯಾರ ಹಂಗೂ ಇಲ್ಲದೆ ಉಳಿದ ದುಡ್ಡು. ಇದರಿಂದ ಸಾಲ ತೀರಿಸಬಹುದು, ಡಿವಿಡೆಂಡ್ ಕೊಡಬಹುದು, ಸುಮ್ನೆ ಬ್ಯಾಂಕಿನಲ್ಲಿ ಇಡಬಹುದು. ಲಾಭದಿಂದ ಇದು ಯಾವುದನ್ನೂ ಮಾಡೋಕೆ ಆಗುವುದಿಲ್ಲ. ಸಂಬಳ ಕೊಡುವುದು ಖಾತೆಯಲ್ಲಿರುವ ದುಡ್ಡಿನಿಂದ.

ಒಂದು ಉದಾಹರಣೆ ಹಿಡಿದು ಪೂರ್ತಿ ತೋರಿಸ್ತೀರಾ?

ನೀರಿನ ಪಂಪ್ ತಯಾರಿಸುವ ಒಂದು ಕಂಪನಿ ಅಂದುಕೊಳ್ಳಿ. ಇದು ಕಟ್ಟಿಕೊಂಡ ಉದಾಹರಣೆ, ಅಂಕಿಗಳು ಯಾವ ನಾಣ್ಯದಲ್ಲಾದರೂ ಇರಲಿ. ಕಳೆದ ವರ್ಷ ಮಾರಾಟ 400, ಲಾಭ 40. ಈ ವರ್ಷ ಮಾರಾಟ 500, ಲಾಭ 50. ಎರಡೂ ನಾಲ್ಕನೇ ಒಂದು ಭಾಗ ಜಾಸ್ತಿ. ಪತ್ರಿಕೆಗಳಲ್ಲಿ ಬರುವುದು ಇಷ್ಟೇ.

ಈಗ ಕ್ಯಾಶ್ ಫ್ಲೋ ಪಟ್ಟಿಗೆ ಬನ್ನಿ. ಲಾಭ 50ರಿಂದ ಶುರು ಮಾಡೋಣ. ಸವಕಳಿ 15 ಇದೆ. ಅದು ಈ ವರ್ಷ ಯಾರಿಗೂ ಕೊಟ್ಟ ದುಡ್ಡಲ್ಲ, ಹಾಗಾಗಿ ವಾಪಸ್ ಸೇರಿಸಬೇಕು. 65 ಆಯಿತು.

ಮುಂದೆ ಗಿರಾಕಿಗಳಿಂದ ಬರಬೇಕಾದ ಬಾಕಿ. ವರ್ಷದ ಆರಂಭದಲ್ಲಿ 80 ಇತ್ತು, ಕೊನೆಗೆ 140. ಅಂದರೆ ಮಾರಾಟ ಅಂತ ಬರೆದದ್ದರಲ್ಲಿ 60 ಇನ್ನೂ ಬಂದಿಲ್ಲ. 65ರಲ್ಲಿ 60 ಹೋದರೆ ಉಳಿದದ್ದು 5. ಗೋದಾಮಿನ ದಾಸ್ತಾನು 60ರಿಂದ 85ಕ್ಕೆ ಏರಿದೆ, ಅದಕ್ಕೆ 25 ಹೋಯಿತು. ಈಗ ಮೈನಸ್ 20. ಕಚ್ಚಾ ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿ 50ರಿಂದ 65 ಆಗಿದೆ. ಅವರಿಗೆ ಇನ್ನೂ ಕೊಟ್ಟಿಲ್ಲ, ಹಾಗಾಗಿ ಅಷ್ಟರ ಮಟ್ಟಿಗೆ 15 ಕೈಯಲ್ಲೇ ಉಳಿದಿದೆ. ಒಟ್ಟು ಮೈನಸ್ 5.

50 ಲಾಭ ತೋರಿಸಿದ ವ್ಯಾಪಾರದಿಂದ ಬಂದ ನಗದು ಮೈನಸ್ 5. ಇದರ ಮೇಲೆ ಹೊಸ ಯಂತ್ರಗಳಿಗೆ 30 ಕೊಟ್ಟಿದ್ದಾರೆ. ಫ್ರೀ ಕ್ಯಾಶ್ ಫ್ಲೋ ಮೈನಸ್ 35.

ಕಥೆ ಇಲ್ಲಿಗೆ ಮುಗಿಯಲಿಲ್ಲ. "ದಾಖಲೆ ಲಾಭ" ಅಂತ ಖುಷಿಯಲ್ಲಿ ಷೇರುದಾರರಿಗೆ 10 ಡಿವಿಡೆಂಡ್ ಕೊಟ್ಟಿದ್ದಾರೆ. 35 ಮತ್ತು 10 ಸೇರಿ 45 ಎಲ್ಲಿಂದ ಬಂತು? ಬ್ಯಾಂಕಿನಿಂದ. ಸಾಲ 40 ಇದ್ದದ್ದು 85 ಆಗಿದೆ. ಷೇರುದಾರರ ಖಾತೆಗೆ ಬಂದ ಡಿವಿಡೆಂಡ್ ಬ್ಯಾಂಕಿನ ಸಾಲದ ದುಡ್ಡು, ಲಾಭದ್ದಲ್ಲ.

ವ್ಯಾಪಾರ ಬೆಳೆಯುವಾಗ ಬಾಕಿ, ದಾಸ್ತಾನು ಜಾಸ್ತಿ ಆಗೋದು ಸಹಜ ಅಲ್ವಾ?

ಸಹಜವೇ. ಕಂಪನಿಯವರೂ ಇದನ್ನೇ ಹೇಳುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಜ ಇದೆ ಅಂತ ಅಳೆಯಬಹುದು, ಅದಕ್ಕೆ ದೊಡ್ಡ ವಿದ್ಯೆ ಏನೂ ಬೇಡ.

ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಎಷ್ಟು ದಿನದ ಮಾರಾಟ ಉದ್ರಿಯಲ್ಲಿ ನಿಂತಿದೆ ಅಂತ ಸಿಗುತ್ತದೆ. ನಮ್ಮ ಪಂಪ್ ಕಂಪನಿಗೆ ಕಳೆದ ವರ್ಷ 73 ದಿನ. ಈ ವರ್ಷ 102 ದಿನ. ಬರೀ ಬೆಳವಣಿಗೆಯಿಂದ ಬಾಕಿ ಏರಿದ್ದರೆ ದಿನ 73ರಲ್ಲೇ ಇರಬೇಕಿತ್ತು, ಬಾಕಿ 100 ಆಗಬೇಕಿತ್ತು. ಆಗಿರುವುದು 140. ಹಾಗಾದರೆ ಏರಿದ 60ರಲ್ಲಿ 20 ಬೆಳವಣಿಗೆಯದು, 40 ಕೈ ಸಡಿಲ ಬಿಟ್ಟದ್ದರ ಫಲ. ದಾಸ್ತಾನಿಗೂ ಇದೇ ಲೆಕ್ಕ ಹಾಕಿದರೆ 75 ಸಾಕಿತ್ತು, 10 ಹೆಚ್ಚುವರಿ. ಈ 50 ಸೋರದೇ ಇದ್ದಿದ್ದರೆ ಫ್ರೀ ಕ್ಯಾಶ್ ಫ್ಲೋ ಪ್ಲಸ್ 15 ಇರುತ್ತಿತ್ತು. ಆಗಲೂ ಲಾಭಕ್ಕಿಂತ ಕಡಿಮೆಯೇ, ಆದರೆ ಅದು ಬೆಳೆಯುವ ಕಂಪನಿಯ ಆರೋಗ್ಯಕರ ಕಡಿಮೆ.

ಆ 40 ಹೇಗೆ ಬಂತು? ಸಾಮಾನ್ಯವಾಗಿ ಹೀಗೆ ಆಗುತ್ತದೆ. ವರ್ಷದ ಕೊನೆಯ ತಿಂಗಳು, ಗುರಿ ಮುಟ್ಟಿಲ್ಲ. ಮಾರಾಟದವರು ಡೀಲರ್‌ಗಳಿಗೆ ಫೋನ್ ಮಾಡುತ್ತಾರೆ. "ಈಗ ಮಾಲು ಎತ್ತಿಕೊಳ್ಳಿ, ದುಡ್ಡು ಆರು ತಿಂಗಳು ಬಿಟ್ಟು ಕೊಡಿ." ಡೀಲರ್‌ಗೆ ಏನು ಹೋಗುತ್ತದೆ? ಗೋದಾಮು ತುಂಬಿಸಿಕೊಳ್ಳುತ್ತಾನೆ. ಪಂಪ್ ಬಳಸುವವರ ಕೈಗೆ ಒಂದೂ ಹೆಚ್ಚಾಗಿ ಹೋಗಿಲ್ಲ. ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಂಡದ್ದು ಅಷ್ಟೇ. ವರ್ಷದ ಕೊನೆಯ ತ್ರೈಮಾಸಿಕದ ಮಾರಾಟ ಮಾತ್ರ ಉಬ್ಬಿದ್ದು ಬಾಕಿಯ ದಿನಗಳೂ ಏರಿದ್ದರೆ, ಈ ಫೋನ್‌ಗಳು ಹೋಗಿವೆ ಅಂತ ನಾನು ಅನುಮಾನಿಸುತ್ತೇನೆ. ಬಾಕಿಯ ಬಗ್ಗೆ ಇರುವ ಟಿಪ್ಪಣಿಯಲ್ಲಿ ಎಷ್ಟು ತಿಂಗಳಿಂದ ನಿಂತಿದೆ ಅನ್ನುವ ಕೋಷ್ಟಕ ಸಿಕ್ಕರೆ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ನಿಜವಾಗಿ ಹೀಗೆ ಮುಳುಗಿದ ಕಂಪನಿ ಇದೆಯಾ?

ಡಬ್ಲ್ಯು.ಟಿ. ಗ್ರಾಂಟ್ ಅಂತ ಅಮೆರಿಕದ ದೊಡ್ಡ ಚಿಲ್ಲರೆ ಅಂಗಡಿಗಳ ಸರಣಿ ಇತ್ತು. ಸಾವಿರಕ್ಕೂ ಹೆಚ್ಚು ಅಂಗಡಿಗಳು. ವರ್ಷ ವರ್ಷವೂ ಲಾಭ ತೋರಿಸುತ್ತಿತ್ತು, ಡಿವಿಡೆಂಡ್ ಕೊಡುತ್ತಿತ್ತು. 1973ರಲ್ಲೂ ಅದರ ಷೇರು ವರ್ಷದ ಲಾಭದ ಸುಮಾರು 20 ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು. 1975ರಲ್ಲಿ ದಿವಾಳಿ.

ಕಾರಣಗಳಲ್ಲಿ ದೊಡ್ಡದು ನಮ್ಮ ಪಂಪ್ ಕಂಪನಿಯದ್ದೇ. ಅಂಗಡಿಗಳು ಗಿರಾಕಿಗಳಿಗೆ ಧಾರಾಳವಾಗಿ ಉದ್ರಿ ಕೊಟ್ಟವು. ಹೊಸ ಅಂಗಡಿಗಳು ತೆರೆದ ಹಾಗೆಲ್ಲ ದಾಸ್ತಾನು ಬೆಳೆಯಿತು. ಲಾಭ ಏರುತ್ತಿದ್ದಾಗಲೂ ವ್ಯಾಪಾರದಿಂದ ನಗದು ಬರುತ್ತಿರಲಿಲ್ಲ. ಆ ಕೊರತೆ ತುಂಬಿದ್ದು ಸಾಲ. ಕಂಪನಿ ಬಿದ್ದ ಮೇಲೆ ಲೆಕ್ಕ ಕೆದಕಿದವರಿಗೆ, ದಿವಾಳಿಗೆ ವರ್ಷಗಳ ಹಿಂದಿನಿಂದಲೂ ನಗದಿನ ಬರ ಇದ್ದದ್ದು ಕಂಡಿತು.

ಆಗ ಹೂಡಿಕೆದಾರರು ಯಾಕೆ ನೋಡಲಿಲ್ಲ ಅಂತ ಬೈಯುವ ಹಾಗಿಲ್ಲ. ಈಗಿನ ರೂಪದ ಕ್ಯಾಶ್ ಫ್ಲೋ ಪಟ್ಟಿ ಆಗ ವರದಿಯಲ್ಲಿ ಇರುತ್ತಿರಲಿಲ್ಲ. ಅಮೆರಿಕದಲ್ಲಿ ಅದು ಕಡ್ಡಾಯ ಆದದ್ದು 1987ರ ನಿಯಮದಿಂದ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕ ಪಕ್ಕ ಇಟ್ಟು ಪೆನ್ಸಿಲ್ ಹಿಡಿದು ತಾವೇ ಕಳೆಯಬೇಕಿತ್ತು. ನಮಗೆ ಈಗ ಆ ಪಟ್ಟಿ ತಯಾರಾಗಿಯೇ ಸಿಗುತ್ತದೆ. ಆದರೂ ಅದರ ಪುಟ ತಿರುಗಿಸುವವರು ಕಡಿಮೆ.

ವ್ಯಾಪಾರದಿಂದ ಬಂದ ನಗದು ನೋಡಿದರೆ ಸಾಲದಾ? ಯಂತ್ರದ ಖರ್ಚನ್ನು ಯಾಕೆ ಕಳೆಯಬೇಕು?

ಸಾಲದು. ಅದಕ್ಕೆ ವರ್ಲ್ಡ್‌ಕಾಮ್ ಸಾಕ್ಷಿ.

ಇದು ಅಮೆರಿಕದ ದೂರವಾಣಿ ಕಂಪನಿ. ಬೇರೆ ಕಂಪನಿಗಳ ತಂತಿಗಳನ್ನು ಬಳಸಿದ್ದಕ್ಕೆ ಅವರಿಗೆ ತಿಂಗಳು ತಿಂಗಳು ಬಾಡಿಗೆ ಕೊಡಬೇಕಿತ್ತು. ಇದು ಅಪ್ಪಟ ಖರ್ಚು. 2001ರಲ್ಲಿ ಮತ್ತು 2002ರ ಆರಂಭದಲ್ಲಿ ಈ ಬಾಡಿಗೆಯ ಒಂದು ಪಾಲನ್ನು ಖರ್ಚು ಅಂತ ಬರೆಯದೆ, ಯಂತ್ರ ಕೊಂಡ ಹಾಗೆ ಆಸ್ತಿ ಅಂತ ಬರೆದರು. 2002ರ ಜೂನ್‌ನಲ್ಲಿ ಹೊರಗೆ ಬಂದಾಗ ಮೊತ್ತ 380 ಕೋಟಿ ಡಾಲರ್‌ಗೂ ಜಾಸ್ತಿ. ಮುಂದಿನ ತಿಂಗಳೇ ದಿವಾಳಿ ಅರ್ಜಿ.

ಈಗ ಲೆಕ್ಕ ನೋಡಿ. 10 ಬಾಡಿಗೆಯನ್ನು ಆಸ್ತಿ ಅಂತ ಬರೆದರೆ ತೆರಿಗೆಗೆ ಮುಂಚಿನ ಲಾಭ 10 ಏರುತ್ತದೆ. ವ್ಯಾಪಾರದ ನಗದೂ 10 ಏರುತ್ತದೆ, ಯಾಕೆಂದರೆ ಆ ದುಡ್ಡು ಹೊರಗೆ ಹೋದದ್ದು ಎರಡನೇ ಭಾಗದಲ್ಲಿ, ಹೂಡಿಕೆ ಅನ್ನುವ ಹೆಸರಿನಲ್ಲಿ. ಆದರೆ ಆಸ್ತಿಗೆ ಕೊಟ್ಟ ದುಡ್ಡನ್ನು ಕಳೆದ ಕೂಡಲೇ ಅದೇ 10 ವಾಪಸ್ ಕಳೆದುಹೋಗುತ್ತದೆ. ಫ್ರೀ ಕ್ಯಾಶ್ ಫ್ಲೋ ಒಂದು ಪೈಸೆಯೂ ಅಲುಗಾಡುವುದಿಲ್ಲ. ಈ ಕೈಚಳಕಕ್ಕೆ ಲಾಭವೂ ಮೋಸ ಹೋಗುತ್ತದೆ, ವ್ಯಾಪಾರದ ನಗದೂ ಮೋಸ ಹೋಗುತ್ತದೆ, ಕಳೆದು ಉಳಿದದ್ದು ಮಾತ್ರ ಹೋಗುವುದಿಲ್ಲ.

ಇಷ್ಟು ದೊಡ್ಡ ಮೋಸ ಅಪರೂಪ. ಸಣ್ಣ ರೂಪದಲ್ಲಿ, ಕಾನೂನಿನ ಒಳಗೇ, ಇದು ದಿನಾ ನಡೆಯುತ್ತದೆ. ಸಾಫ್ಟ್‌ವೇರ್ ಬರೆಯುವವರ ಸಂಬಳವನ್ನು "ಅಭಿವೃದ್ಧಿ ಆಸ್ತಿ" ಅಂತ ಬರೆಯುವುದು ಅದರಲ್ಲೊಂದು. ಯಂತ್ರಕ್ಕೆ ಕೊಡುವ ದುಡ್ಡು ವರ್ಷ ವರ್ಷವೂ ಸವಕಳಿಗಿಂತ ಬಹಳ ಜಾಸ್ತಿ ಇದ್ದು, ಮಾರಾಟ ಮಾತ್ರ ಅದಕ್ಕೆ ತಕ್ಕಂತೆ ಬೆಳೆಯದಿದ್ದರೆ, ಆಸ್ತಿ ಅನ್ನುವ ಹೆಸರಲ್ಲಿ ಏನೇನು ಒಳಗೆ ಹೋಗಿದೆ ಅಂತ ನೋಡಬೇಕು.

ಹಾಗಾದರೆ ನಗದು ಸುಳ್ಳು ಹೇಳುವುದೇ ಇಲ್ಲವಾ?

ಹೇಳುತ್ತದೆ. ಲಾಭಕ್ಕಿಂತ ಕಷ್ಟಪಟ್ಟು ಹೇಳಬೇಕು, ಅಷ್ಟೇ ವ್ಯತ್ಯಾಸ.

ಸುಲಭದ ದಾರಿ ಅಂದರೆ ಸರಬರಾಜುದಾರರಿಗೆ ಕೊಡುವುದನ್ನು ತಡ ಮಾಡುವುದು. ಕೊನೆಯ ವಾರದಲ್ಲಿ ಕೊಡಬೇಕಾದ್ದನ್ನು ಹೊಸ ವರ್ಷದ ಮೊದಲ ವಾರಕ್ಕೆ ತಳ್ಳಿದರೆ ಪಟ್ಟಿ ಚೆನ್ನಾಗಿ ಕಾಣುತ್ತದೆ. ಒಂದು ವರ್ಷ ಮಾಡಬಹುದು. ಮುಂದಿನ ವರ್ಷ ಅದೇ ಚೆಂದ ಬೇಕಿದ್ದರೆ ಮತ್ತೆ ಅಷ್ಟೇ ತಳ್ಳಬೇಕು, ಇನ್ನೂ ಚೆನ್ನಾಗಿ ಕಾಣಬೇಕಿದ್ದರೆ ಇನ್ನೂ ಜಾಸ್ತಿ. ಬ್ರಿಟನ್ನಿನ ಗುತ್ತಿಗೆ ಕಂಪನಿ ಕರಿಲಿಯನ್ ಇದಕ್ಕೆ ಬ್ಯಾಂಕನ್ನೂ ಸೇರಿಸಿಕೊಂಡಿತ್ತು. ಸರಬರಾಜುದಾರರಿಗೆ ಬ್ಯಾಂಕ್ ಬೇಗ ದುಡ್ಡು ಕೊಡುತ್ತದೆ, ಕಂಪನಿ ಬ್ಯಾಂಕಿಗೆ ನಿಧಾನವಾಗಿ ಕೊಡುತ್ತದೆ. ಇದು ನೋಡೋಕೆ ಸಾಲದ ಹಾಗೇ ಇದೆ ಅಲ್ವಾ? ಬ್ಯಾಲೆನ್ಸ್ ಶೀಟಿನಲ್ಲಿ ಅದು ಸಾಲ ಅಂತ ಇರಲಿಲ್ಲ, ಇತರೆ ಬಾಕಿ ಅಂತ ಇತ್ತು. 2018ರ ಜನವರಿಯಲ್ಲಿ ಕಂಪನಿ ಕುಸಿಯಿತು.

ಇನ್ನೊಂದು ದಾರಿ ಬರಬೇಕಾದ ಬಾಕಿಯನ್ನೇ ಹಣಕಾಸು ಸಂಸ್ಥೆಗೆ ಮಾರುವುದು. ಇದರ ಕಥೆ ಕೊನೆಯಲ್ಲಿ ಹೇಳುತ್ತೇನೆ.

ಮೋಸ ಅಲ್ಲದ ಒಂದು ತೊಡಕೂ ಇದೆ. 2019ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಲೆಕ್ಕದ ನಿಯಮದಲ್ಲಿ, ಕಟ್ಟಡ ಬಾಡಿಗೆಯ ದೊಡ್ಡ ಪಾಲು ವ್ಯಾಪಾರದ ನಗದಿನಿಂದ ಹೊರಬಿದ್ದು ಮೂರನೇ ಭಾಗಕ್ಕೆ, ಸಾಲ ತೀರಿಸಿದ ಸಾಲಿನ ಪಕ್ಕಕ್ಕೆ ಹೋಗಿದೆ. ಬಾಡಿಗೆ ಕಟ್ಟಡಗಳಲ್ಲೇ ನಡೆಯುವ ಅಂಗಡಿ, ಹೋಟೆಲ್ ಸರಣಿಗಳ ಫ್ರೀ ಕ್ಯಾಶ್ ಫ್ಲೋ ಇದರಿಂದ ದಿಢೀರ್ ಅಂತ ಚೆನ್ನಾಗಿ ಕಾಣತೊಡಗಿತು. ಅಂಥ ಕಂಪನಿಗಳಲ್ಲಿ ಮೂರನೇ ಭಾಗಕ್ಕೆ ಹೋಗಿ "ಗುತ್ತಿಗೆ ಪಾವತಿ" ಸಾಲನ್ನು ಹುಡುಕಿ ಕಳೆಯಿರಿ. ಬಡ್ಡಿ ಕೊಟ್ಟದ್ದು ಯಾವ ಭಾಗದಲ್ಲಿದೆ ಅಂತಲೂ ಅದೇ ಸಲ ನೋಡಿಬಿಡಿ. ಎರಡು ಕಂಪನಿ ಹೋಲಿಸುವಾಗ ಒಂದರಲ್ಲಿ ಮೊದಲ ಭಾಗದಲ್ಲೂ ಇನ್ನೊಂದರಲ್ಲಿ ಮೂರನೇ ಭಾಗದಲ್ಲೂ ಇದ್ದರೆ ಹೋಲಿಕೆ ತಪ್ಪುತ್ತದೆ.

ಮತ್ತೆ, ಬ್ಯಾಂಕ್ ಖಾತೆಯಲ್ಲಿ ದುಡ್ಡೇ ಇಲ್ಲದೆ ಇದೆ ಅಂತ ಹೇಳುವವರೂ ಇದ್ದಾರೆ. ಜರ್ಮನಿಯ ವೈರ್‌ಕಾರ್ಡ್ ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ಬಹುಶಃ ಇಲ್ಲವೇ ಇಲ್ಲ ಅಂತ 2020ರ ಜೂನ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಇಂಥದ್ದನ್ನು ಹೊರಗಿನವರು ಹಿಡಿಯುವುದು ಕಷ್ಟ. ಆದರೂ ರಾಶಿ ನಗದು ಇಟ್ಟುಕೊಂಡ ಕಂಪನಿ ಮತ್ತೆ ಮತ್ತೆ ಸಾಲ ಎತ್ತುತ್ತಿದ್ದರೆ, ಅಥವಾ ಅಷ್ಟು ನಗದಿಗೆ ಬರಬೇಕಾದ ಬಡ್ಡಿ ಲೆಕ್ಕದಲ್ಲಿ ಕಾಣದಿದ್ದರೆ, ದೂರ ನಿಲ್ಲುವುದಕ್ಕೆ ಅಷ್ಟು ಸಾಕು.

ಫ್ರೀ ಕ್ಯಾಶ್ ಫ್ಲೋ ಮೈನಸ್ ಇದ್ದರೆ ಆ ಷೇರು ಬೇಡ ಅಂತಲಾ?

ಇಲ್ಲ. ಯಾಕೆ ಮೈನಸ್ ಅನ್ನೋದು ಮುಖ್ಯ. ಬಾಕಿಯ ದಿನ ಹಾಗೇ ಇದೆ, ದಾಸ್ತಾನಿನ ದಿನ ಹಾಗೇ ಇದೆ, ವ್ಯಾಪಾರದ ನಗದು ಲಾಭದ ಹತ್ತಿರವೇ ಇದೆ, ಹೊಸ ಕಾರ್ಖಾನೆ ಕಟ್ಟಿದ್ದಕ್ಕೆ ಮಾತ್ರ ಮೈನಸ್ ಆಗಿದೆ ಅಂದರೆ ಅದು ಬೇರೆ ವಿಷಯ. ಅಲ್ಲಿ ಕೇಳಬೇಕಾದದ್ದು ಆ ಕಾರ್ಖಾನೆ ದುಡಿಯುತ್ತದಾ ಅಂತ. ನಮ್ಮ ಪಂಪ್ ಕಂಪನಿಯ ಮೈನಸ್ ಆ ಜಾತಿಯದಲ್ಲ. ಅದರ ದುಡ್ಡು ಡೀಲರ್ ಗೋದಾಮಿನಲ್ಲಿ ಕೂತಿದೆ.

ಉಲ್ಟಾ ಕೂಡ ಆಗುತ್ತದೆ. ಗಿರಾಕಿಯಿಂದ ಮೊದಲು ದುಡ್ಡು ತೆಗೆದುಕೊಂಡು ಸರಬರಾಜುದಾರರಿಗೆ ಆಮೇಲೆ ಕೊಡುವ ವ್ಯಾಪಾರದಲ್ಲಿ ನಗದು ಲಾಭಕ್ಕಿಂತ ಮುಂದೆ ಓಡುತ್ತದೆ. ಅಮೆಜಾನ್‌ನ ಚಿಲ್ಲರೆ ವ್ಯಾಪಾರ ಹೀಗೇ ಬೆಳೆಯಿತು. ಆದರೆ ಆ ಹೆಚ್ಚುವರಿ ನಗದು ಬೆಳವಣಿಗೆ ತಂದ ನಗದು. ಬೆಳವಣಿಗೆ ನಿಂತರೆ ಅದೂ ನಿಲ್ಲುತ್ತದೆ, ಮಾರಾಟ ಇಳಿದರೆ ವಾಪಸ್ ಹೋಗತೊಡಗುತ್ತದೆ. ಹಾಗಾಗಿ ಒಂದು ವರ್ಷದ ಅಂಕಿ ಹಿಡಿದು ತೀರ್ಮಾನ ಮಾಡಬೇಡಿ. ಐದಾರು ವರ್ಷದ ವ್ಯಾಪಾರದ ನಗದನ್ನೆಲ್ಲ ಕೂಡಿಸಿ, ಅಷ್ಟೇ ವರ್ಷದ ಲಾಭವನ್ನೂ ಕೂಡಿಸಿ ಪಕ್ಕ ಪಕ್ಕ ಇಡಿ. ಸವಕಳಿ ವಾಪಸ್ ಸೇರುವುದರಿಂದ ಸಾಮಾನ್ಯವಾಗಿ ನಗದು ಲಾಭಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು. ಅರ್ಧಕ್ಕೆ ಬಿದ್ದಿದ್ದರೆ ಉಳಿದರ್ಧ ಎಲ್ಲಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಹುಡುಕಿ, ಸಿಗುತ್ತದೆ.

ಇದಕ್ಕೆ ಅಧ್ಯಯನದ ಆಧಾರ ಏನಾದರೂ ಇದೆಯಾ?

ಇದೆ. ರಿಚರ್ಡ್ ಸ್ಲೋನ್ ಅನ್ನುವ ಅಕೌಂಟಿಂಗ್ ಪ್ರಾಧ್ಯಾಪಕರು 1996ರಲ್ಲಿ ಲಾಭವನ್ನು ಎರಡಾಗಿ ಒಡೆದು ನೋಡಿದರು: ನಗದಾಗಿ ಬಂದ ಪಾಲು, ಅಂದಾಜು-ಬಾಕಿಗಳ ಪಾಲು. ನಗದಿನ ಪಾಲು ಮುಂದಿನ ವರ್ಷಕ್ಕೂ ಉಳಿಯುವುದು ಜಾಸ್ತಿ, ಬಾಕಿಯ ಪಾಲು ಕರಗುವುದು ಜಾಸ್ತಿ ಅಂತ ಕಂಡಿತು. ಷೇರುಪೇಟೆ ಮಾತ್ರ ಎರಡನ್ನೂ ಒಂದೇ ಅನ್ನುವಂತೆ ನೋಡುತ್ತಿತ್ತು. ಆಮೇಲೆ ಎಲ್ಲರಿಗೂ ವಿಷಯ ಗೊತ್ತಾಗಿ, ಬರೀ ಇದನ್ನೇ ನೋಡಿ ಷೇರು ಕೊಂಡು ಗೆಲ್ಲುವುದು ಮೊದಲಿನಷ್ಟು ಸುಲಭ ಉಳಿಯಲಿಲ್ಲ.

ಬ್ಯಾಂಕ್ ಷೇರಿಗೂ ಇದೇ ಲೆಕ್ಕ ಹಾಕಬಹುದಾ?

ಬೇಡ. ಬ್ಯಾಂಕಿಗೆ ದುಡ್ಡೇ ಸರಕು. ಹೊಸ ಠೇವಣಿ ಬಂದರೆ ನಗದು ಏರುತ್ತದೆ, ಸಾಲ ಕೊಟ್ಟರೆ ಇಳಿಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ವಿಮಾ ಕಂಪನಿಗೂ ಹಾಗೇ.

ಆ ಪಂಪ್ ಕಂಪನಿ ಮುಂದಿನ ವರ್ಷ ಏನಾಯಿತು?

ಮೂರನೇ ವರ್ಷ ಮಾರಾಟ 510, ಲಾಭ 52. ಬಾಕಿ 140ರಿಂದ 105ಕ್ಕೆ ಇಳಿದಿದೆ. ದಿನಗಳ ಲೆಕ್ಕದಲ್ಲಿ 75, ಅಂದರೆ ಹಳೆಯ 73ರ ಹತ್ತಿರ. ಸವಕಳಿ 18, ಬಾಕಿಯಿಂದ ಬಂದದ್ದು 35, ದಾಸ್ತಾನಿಗೆ ಹೋದದ್ದು 5, ಸರಬರಾಜುದಾರರಿಗೆ ಹೆಚ್ಚಾಗಿ ಕೊಟ್ಟದ್ದು 5. ವ್ಯಾಪಾರದ ನಗದು 95. ಯಂತ್ರಗಳಿಗೆ 20 ಕಳೆದು ಫ್ರೀ ಕ್ಯಾಶ್ ಫ್ಲೋ 75. ಕಳೆದ ವರ್ಷ ಅನುಮಾನಪಟ್ಟದ್ದು ತಪ್ಪಾಯಿತೇನೋ ಅನ್ನಿಸುತ್ತದೆ.

ಟಿಪ್ಪಣಿಗಳಲ್ಲಿ ಬಹಳ ಒಳಗೆ ಒಂದು ಸಾಲು ಇದೆ: ವರ್ಷದ ಕೊನೆಯಲ್ಲಿ 30ರಷ್ಟು ಬಾಕಿಯನ್ನು ಹಣಕಾಸು ಸಂಸ್ಥೆಯೊಂದಕ್ಕೆ ಮಾರಲಾಗಿದೆ. ಆ 30 ಗಿರಾಕಿಗಳಿಂದ ಬಂದದ್ದಲ್ಲ. ಅದನ್ನು ವಾಪಸ್ ಸೇರಿಸಿದರೆ ಬಾಕಿ 135, ದಿನ 97. ವರ್ಷವಿಡೀ ಬಾಕಿ ಇಳಿದದ್ದು 5 ಮಾತ್ರ. ಫ್ರೀ ಕ್ಯಾಶ್ ಫ್ಲೋ 75 ಅಲ್ಲ, 45.

45 ಕೆಟ್ಟದ್ದೇನಲ್ಲ, ನ್ಯಾಯವಾಗಿ ಹೇಳಬೇಕು. ಬೆಳವಣಿಗೆ ಶೇಕಡಾ 2ಕ್ಕೆ ಇಳಿದ ಕಾರಣ ಹೊಸ ಉದ್ರಿಗೆ ದುಡ್ಡು ಹೋಗಲಿಲ್ಲ. ಬೆಳವಣಿಗೆ ಇಳಿದದ್ದು ಯಾಕೆ ಅಂದರೆ, ಡೀಲರ್‌ಗಳು ಇನ್ನೂ ಹೋದ ವರ್ಷದ ಪಂಪ್‌ಗಳನ್ನೇ ಮಾರುತ್ತಿರಬಹುದು. ಹಳೆಯ 73 ದಿನದ ಲೆಕ್ಕದಲ್ಲಿ 102 ಬಾಕಿ ಇದ್ದರೆ ಸಾಕಿತ್ತು, ಇರುವುದು 135. ನಾನಾಗಿದ್ದರೆ ಷೇರುದಾರರ ಸಭೆಯಲ್ಲಿ ಆ 33ರ ಬಗ್ಗೆ ಮಾತ್ರ ಕೇಳುತ್ತಿದ್ದೆ: ಅದರಲ್ಲಿ ಎಷ್ಟು ಆರು ತಿಂಗಳು ದಾಟಿದೆ, ಮತ್ತೆ ಎಷ್ಟನ್ನು ಮುಳುಗಿದ ಬಾಕಿ ಅಂತ ಈಗಾಗಲೇ ಬರೆದಿದ್ದೀರಿ?